ಸಕ್ಕರೆ ‘ಹೋಗುವುದು’

‘ಅವರಿಗೆ ಸಕ್ಕರೆ ಹೋಗುತ್ತಿದೆಯಂತೆ’ ಎಂಬ ಮಾತು ಹಿರಿಯರ ಬಾಯಲ್ಲಿ ಈಗಲೂ ಕೇಳಿಸುತ್ತದೆ. ಹೋಗುವುದು ಎಲ್ಲಿಂದ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ‘ಸಿಹಿಮೂತ್ರ ರೋಗ’ದಲ್ಲಿ ಅದು ನೇರವಾಗಿಯೇ ಇದೆ. ‘ಮಧುಮೇಹ’ದ ‘ಮೇಹ’ಕ್ಕೂ ಮೂತ್ರವೆಂದೇ ಅರ್ಥ. ಆ ಮೂತ್ರಕ್ಕೆ ಇರುವೆ ಮುತ್ತುವುದನ್ನು ಆಯುರ್ವೇದದ ಹಳೆಯ ಗ್ರಂಥಗಳೇ ಗುರುತಿಸಿದ್ದವು. ಹೀಗೆ ಹೆಸರುಗಳೆಲ್ಲ ಮೂತ್ರದ ಕಡೆಗೆ ಬೊಟ್ಟು ಮಾಡುತ್ತವೆ. ಕಾಯಿಲೆ ಇರುವುದು ಮಾತ್ರ ರಕ್ತದಲ್ಲಿ.

ಬಹುಕಾಲ ಪರೀಕ್ಷೆಯೂ ಹೆಸರಿನ ಜಾಡಿನಲ್ಲೇ ನಡೆಯಿತು. ಗಾಜಿನ ನಳಿಕೆಯಲ್ಲಿ 5 ಎಂ.ಎಲ್. ನೀಲಿ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಆಮೇಲೆ ಕುದಿಸುವುದು. ನೀಲಿ ಉಳಿದರೆ ‘ನಿಲ್’. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಆ ಬಣ್ಣಗಳೇ ವರದಿಯಲ್ಲಿ ಒಂದು ಪ್ಲಸ್, ಎರಡು ಪ್ಲಸ್ ಆಗುತ್ತಿದ್ದವು. ನಂತರ ಅದ್ದಿ ನೋಡುವ ಪಟ್ಟಿ ಬಂತು, ಕುದಿಸುವ ಕೆಲಸ ತಪ್ಪಿತು. ಪ್ಲಸ್‌ಗಳು ಉಳಿದುಕೊಂಡವು.

ಆ ಪ್ಲಸ್ ಹೇಳುವುದಾದರೂ ಏನು? ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತದೆ. ಅದರ ಜೊತೆ ಇಳಿದು ಬರುವ ಸಕ್ಕರೆಯನ್ನು ಅದರ ಸಣ್ಣ ನಾಳಗಳು ಪುನಃ ಹೀರಿ ರಕ್ತಕ್ಕೆ ಮರಳಿಸುತ್ತವೆ. ಹೀರುವ ಶಕ್ತಿಗೆ ಮಿತಿಯುಂಟು. ರಕ್ತದ ಸಕ್ಕರೆ ಸುಮಾರು 180 ದಾಟಿದಾಗ ಹೀರಲಾಗದೆ ಉಳಿದದ್ದು ಮೂತ್ರದಲ್ಲಿ ಹೊರಬೀಳುತ್ತದೆ. ಕೆರೆ ತುಂಬಿ ಕೋಡಿ ಬಿದ್ದಂತೆ. ಕೋಡಿ ಬಿದ್ದರೆ ನೀರು ಅಲ್ಲಿಯವರೆಗೆ ಏರಿತ್ತೆಂದು ಗೊತ್ತಾಗುತ್ತದೆ. ಬೀಳದಿದ್ದರೆ ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಗೊತ್ತಾಗುವುದಿಲ್ಲ.

ಬರಿಹೊಟ್ಟೆಯಲ್ಲಿ 126 ಇದ್ದರೇ ಮಧುಮೇಹದ ಗಡಿ. 150 ಇದ್ದವನ ಮೂತ್ರವೂ ‘ನಿಲ್’, 90 ಇದ್ದವನದೂ ‘ನಿಲ್’, ಸಕ್ಕರೆ 50ಕ್ಕೆ ಕುಸಿದು ಬೆವರುತ್ತಿರುವವನದೂ ‘ನಿಲ್’. ಸಾಲದ್ದಕ್ಕೆ ಕೋಡಿಯ ಎತ್ತರ ಎಲ್ಲರಿಗೂ ಒಂದೇ ಅಲ್ಲ. ವಯಸ್ಸಾದವರಲ್ಲಿ, ಬಹುಕಾಲದ ಮಧುಮೇಹಿಗಳಲ್ಲಿ ಅದು ಮೇಲೇರಿರುವುದುಂಟು. ರಕ್ತದಲ್ಲಿ 220 ಇದ್ದರೂ ಅವರಿಗೆ ‘ಹೋಗುವುದಿಲ್ಲ’. ಗರ್ಭಿಣಿಯರಲ್ಲಿ ಕೆಳಗಿಳಿಯುತ್ತದೆ, ರಕ್ತ ಸರಿಯಿದ್ದರೂ ಒಂದು ಪ್ಲಸ್ ಕಾಣಿಸಬಹುದು.

ಹೊತ್ತಿನ ತೊಡಕೂ ಇದೆ. ರಾತ್ರಿ ಹತ್ತೂವರೆಗೆ 230ಕ್ಕೆ ಏರಿದ್ದ ಸಕ್ಕರೆ ಬೆಳಿಗ್ಗೆ ಆರಕ್ಕೆ 110ಕ್ಕೆ ಇಳಿದಿರಬಹುದು. ರಾತ್ರಿಯ ಮೂತ್ರ ಚೀಲದಲ್ಲೇ ನಿಂತಿರುವುದರಿಂದ ಬೆಳಗಿನ ಪಟ್ಟಿ ಎರಡು ಪ್ಲಸ್ ತೋರಿಸುತ್ತದೆ. ಅದನ್ನು ನೋಡಿ ಆ ಹೊತ್ತಿಗೆ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ.

ಇನ್ನು ಕೋಡಿ ಹುಟ್ಟಿನಿಂದಲೇ ತಗ್ಗಾಗಿರುವವರು. ಇಪ್ಪತ್ತಾರರ ಹುಡುಗನೊಬ್ಬ ಕೆಲಸಕ್ಕೆ ಸೇರುವ ಮುನ್ನ ವೈದ್ಯಕೀಯ ತಪಾಸಣೆಗೆ ಹೋಗುತ್ತಾನೆ ಎನ್ನಿ. ಮೂತ್ರದಲ್ಲಿ ಮೂರು ಪ್ಲಸ್. ಮನೆಯಲ್ಲಿ ಅನ್ನ ಬಿಡಿಸುವ ಮಾತು ಶುರುವಾಗುತ್ತದೆ. ರಕ್ತ ನೋಡಿದರೆ ಬರಿಹೊಟ್ಟೆಯಲ್ಲಿ 88, ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ 112, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 5.2. ರಕ್ತ ಕೊಟ್ಟ ಹೊತ್ತಿನ ಮೂತ್ರದಲ್ಲಿ ಆಗಲೂ ಮೂರು ಪ್ಲಸ್. ಸಕ್ಕರೆಯನ್ನು ಮರಳಿಸುವ ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನು ಇಂಥವರಲ್ಲಿ ವಂಶಪಾರಂಪರ್ಯವಾಗಿ ದುರ್ಬಲವಾಗಿರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಕೂಡ ಸೋರಿಹೋಗುತ್ತಿಲ್ಲ ಎಂದು ಒಮ್ಮೆ ಖಚಿತಪಡಿಸಿಕೊಳ್ಳಬೇಕು. ಅವೂ ಸೋರುತ್ತಿದ್ದರೆ ನಾಳಕ್ಕೇ ಪೆಟ್ಟಾಗಿದೆ, ಅದು ಬೇರೆ ಕಾಯಿಲೆ. ಸಕ್ಕರೆ ಒಂದೇ ಆದರೆ ಸಾಮಾನ್ಯವಾಗಿ ಔಷಧಿಯೂ ಬೇಡ, ಪಥ್ಯವೂ ಬೇಡ. ಹುಡುಗನಿಗೆ ಸಿಹಿಮೂತ್ರವಿದೆ, ಸಿಹಿಮೂತ್ರ ರೋಗವಿಲ್ಲ.

ಈ ದೌರ್ಬಲ್ಯವನ್ನೇ ಈಗ ಮಾತ್ರೆ ಮಾಡಿದ್ದಾರೆ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಮೂತ್ರದಲ್ಲಿ ಸಕ್ಕರೆ ಹರಿಸುತ್ತದೆಂದು 1886ರಲ್ಲಿ ಫಾನ್ ಮೆರಿಂಗ್ ತೋರಿಸಿದ. ಅದೇ ದಾರಿಯಲ್ಲಿ ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಎಸ್‌ಜಿಎಲ್‌ಟಿ2ಗೆ ಅಡ್ಡ ನಿಂತು ಸಕ್ಕರೆಯನ್ನು ಬೇಕೆಂದೇ ಹೊರಗೆ ಬಿಡುತ್ತವೆ. ಹೃದಯ ವೈಫಲ್ಯಕ್ಕೂ ಮೂತ್ರಪಿಂಡದ ಕಾಯಿಲೆಗೂ ಇವನ್ನು ಕೊಡುವುದರಿಂದ, ಮಧುಮೇಹವೇ ಇಲ್ಲದವರ ವರದಿಯಲ್ಲೂ ಪ್ಲಸ್‌ಗಳು ಸಾಲುಗಟ್ಟುತ್ತವೆ. ಹಾಗಾಗಿ ‘ಸಕ್ಕರೆ ಹೋಗುತ್ತಿದೆ’ ಎಂದು ಯಾರಾದರೂ ಗಾಬರಿಯಿಂದ ಹೇಳಿದರೆ, ‘ಯಾವ ಮಾತ್ರೆ ತಗೊಳ್ತಿದ್ದೀರಿ?’ ಎಂದು ಮೊದಲು ಕೇಳಬೇಕು. ಆ ಮಾತ್ರೆಯವರಿಗೆ ಸಕ್ಕರೆ ಹೋಗುವುದೆಂದರೆ ಮದ್ದು ಕೆಲಸ ಮಾಡುತ್ತಿದೆ ಎಂದರ್ಥ.