ಸಾಮಾನು ಮತ್ತು ಮಜೂರಿ: ಕಾಮಗಾರಿ ಗುತ್ತಿಗೆಯ ಬಿಲ್ಲು ನಡೆದು ಬಂದ ದಾರಿ

ಕಾರವಾರ, ಅಂಕೋಲೆಗಳ ಕಡೆಯ ಸಣ್ಣ ಗುತ್ತಿಗೆದಾರರ ಬಿಲ್ಲುಗಳಲ್ಲಿ ಈಚೆಗೆ ಒಂದು ರೂಢಿ ಬೇರೂರಿದೆ. ಒಂದೇ ಒಪ್ಪಂದದಲ್ಲಿ ಒಂದೇ ಕಟ್ಟಡದ ಕೆಲಸ ಮುಗಿಸಿದವರು ಸಾಮಾನಿಗೆ ಒಂದು ಸಾಲು, ಮಜೂರಿಗೆ ಇನ್ನೊಂದು ಸಾಲು ಬರೆದು, ಮೊದಲನೆಯದಕ್ಕೆ ಮಾತ್ರ ಸರಕು ಮತ್ತು ಸೇವಾ ತೆರಿಗೆ ಹಾಕಿ, ಎರಡನೆಯದನ್ನು ತೆರಿಗೆಯಿಲ್ಲದೆ ಬಿಡುತ್ತಾರೆ. ಇದಕ್ಕೆ ಎದುರಾಗಿ, ಜಿಎಸ್‌ಟಿ ಬಂದ ಮೇಲೆ ಈ ವಿಭಜನೆಗೆ ಅರ್ಥವೇ ಉಳಿದಿಲ್ಲವೆಂದು ಹೇಳುವವರೂ ಇದ್ದಾರೆ. ಎರಡೂ ತಪ್ಪು ಗ್ರಹಿಕೆಗಳೇ ಆಗಿದ್ದು, ಇವು ಹುಟ್ಟಿದ ಬಗೆ ತಿಳಿಯಬೇಕಾದರೆ ವಿಭಜನೆಯ ಚರಿತ್ರೆಯನ್ನು ನೋಡಬೇಕಾಗುತ್ತದೆ.

ಸಾಮಾನು ಮತ್ತು ದುಡಿಮೆ ಎರಡನ್ನೂ ಒದಗಿಸಿ ಕೆಲಸವನ್ನು ಪೂರ್ತಿಮಾಡಿ ಕೊಡುವ ಕರಾರಿಗೆ ಕಾಮಗಾರಿ ಗುತ್ತಿಗೆ ಎಂದು ಹೆಸರು. ಸರಕಿನ ಮಾರಾಟದ ಮೇಲಿನ ತೆರಿಗೆ ರಾಜ್ಯಗಳ ಅಧಿಕಾರವಾಗಿದ್ದುದರಿಂದ, ಕಟ್ಟಡದಲ್ಲಿ ಸೇರಿಹೋದ ಸಿಮೆಂಟು, ಕಬ್ಬಿಣಗಳು ಮಾರಾಟವಾದಂತೆಯೇ ಎಂಬ ಪ್ರಶ್ನೆ ಬಹು ಬೇಗ ಎದ್ದಿತು. 1958ರಲ್ಲಿ ಸುಪ್ರೀಂ ಕೋರ್ಟು ಮದ್ರಾಸ್ ರಾಜ್ಯ ಮತ್ತು ಗ್ಯಾನನ್ ಡಂಕರ್ಲಿ ಕಂಪನಿಯ ನಡುವಣ ಮೊಕದ್ದಮೆಯಲ್ಲಿ, ಇಂಥ ಗುತ್ತಿಗೆ ಒಡೆಯಲಾಗದ ಒಂದೇ ಕರಾರು, ಅದರೊಳಗೆ ಸರಕಿನ ಮಾರಾಟವಿಲ್ಲ ಎಂದು ತೀರ್ಮಾನಿಸಿತು. 1956ರಲ್ಲಿ ಮುಂಬಯಿ ರಾಜ್ಯದಿಂದ ಬಂದು ಸೇರಿದ ಉತ್ತರ ಕನ್ನಡ ಜಿಲ್ಲೆ 1957ರ ಮಾರಾಟ ತೆರಿಗೆ ಕಾಯಿದೆಗೆ ಹೊಂದಿಕೊಳ್ಳುತ್ತಿದ್ದ ಹೊತ್ತು ಅದು. ಮುಂದೆ ಸುಮಾರು ಕಾಲು ಶತಮಾನ ಗುತ್ತಿಗೆದಾರನ ಬಿಲ್ಲನ್ನು ಮಾರಾಟ ತೆರಿಗೆಗಾಗಿ ಒಡೆದು ನೋಡುವ ಅಗತ್ಯವೇ ಬೀಳಲಿಲ್ಲ.

1982ರ ಸಂವಿಧಾನದ 46ನೆಯ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಿತು. ಕಾಮಗಾರಿಯಲ್ಲಿ ಸೇರಿದ ಸರಕಿನ ಒಡೆತನ ಕೆಲಸ ಮಾಡಿಸಿದವನಿಗೆ ದಾಟಿದರೆ ಅದನ್ನು ಮಾರಾಟವೆಂದೇ ಭಾವಿಸಬೇಕು ಎಂಬ ಮಾತು 366ನೆಯ ವಿಧಿಯೊಳಗೆ ಸೇರಿತು. ಆದರೆ ಸರಕಿನ ಪಾಲನ್ನು ಬೇರ್ಪಡಿಸುವುದು ಹೇಗೆಂದು ತಿದ್ದುಪಡಿ ತಿಳಿಸಲಿಲ್ಲ. ಆ ಕೊರತೆಯನ್ನು ತುಂಬಿದ್ದು 1992ರ ನವೆಂಬರಿನಲ್ಲಿ ಅದೇ ಕಂಪನಿಯ ಇನ್ನೊಂದು ಮೊಕದ್ದಮೆಯಲ್ಲಿ ಬಂದ ತೀರ್ಪು. ಈ ಕ್ಷೇತ್ರದ ನಿಜವಾದ ಪಠ್ಯವೆಂದು ಕರೆಯಬಹುದಾದದ್ದು ಇದೊಂದೇ. ಒಟ್ಟು ಗುತ್ತಿಗೆಯ ಹಣದಿಂದ ಆಳುಗಳ ಮಜೂರಿ, ಉಪಗುತ್ತಿಗೆದಾರನಿಗೆ ಕೊಟ್ಟ ಮಜೂರಿ, ನಕ್ಷೆ ಮತ್ತು ವಿನ್ಯಾಸದ ವೆಚ್ಚ, ಯಂತ್ರಗಳ ಬಾಡಿಗೆ, ನೀರು, ವಿದ್ಯುತ್ತು, ಇಂಧನಗಳಂತೆ ಕೆಲಸದಲ್ಲಿ ಖರ್ಚಾಗಿಹೋಗುವ ವಸ್ತುಗಳ ಬೆಲೆ, ಕಚೇರಿ ಖರ್ಚಿನಲ್ಲಿ ದುಡಿಮೆಗೆ ಸಂಬಂಧಿಸಿದ ಪಾಲು, ಲಾಭದಲ್ಲಿಯೂ ದುಡಿಮೆಗೆ ಸೇರುವ ಪಾಲು, ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದೇ ಸರಕಿನ ಮೌಲ್ಯ ಎಂದು ನ್ಯಾಯಾಲಯ ವಿವರಿಸಿತು. ಲಾಭವನ್ನು ಹೀಗೆ ಇಬ್ಭಾಗ ಮಾಡಿದ್ದರಲ್ಲಿ ತೀರ್ಪಿನ ಸೂಕ್ಷ್ಮವಿದೆ, ಏಕೆಂದರೆ ಸರಕಿನ ಮೇಲಿನ ಲಾಭ ಸರಕಿನೊಂದಿಗೇ ಉಳಿಯಿತು. ಲೆಕ್ಕವಿಡದವನಿಗೆ ಮಾತ್ರ ರಾಜ್ಯ ಸರ್ಕಾರ ನಿಗದಿತ ಶೇಕಡಾವಾರು ಕಡಿತ ಕೊಡಬಹುದಿತ್ತು. ಕರ್ನಾಟಕದ ನಿಯಮಗಳಲ್ಲಿ ಕಟ್ಟಡ, ಸೇತುವೆಗಳಂಥ ಕೆಲಸಕ್ಕೆ ಅದು ಶೇಕಡಾ 30 ಆಗಿತ್ತು.

ಈ ತೀರ್ಪಿನ ನಂತರದ ವರ್ಷಗಳಲ್ಲಿ ಕೆಲಸ ಕಲಿತ ತೆರಿಗೆ ಸಲಹೆಗಾರರು ಮಜೂರಿ ಪಟ್ಟಿಯನ್ನೂ ಖರೀದಿ ಚೀಟಿಗಳನ್ನೂ ಎದುರುಬದುರಿಟ್ಟು ಓದುವ ಶಿಸ್ತನ್ನು ಬೆಳೆಸಿದರು. 2005ರ ಏಪ್ರಿಲಿನಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆಯಲ್ಲಿ ಒಟ್ಟು ಬಿಲ್ಲಿನ ಮೇಲೆ ಶೇಕಡಾ 4 ಕೊಟ್ಟು ಮುಗಿಸುವ ರಾಜಿ ಪದ್ಧತಿಯೂ ಇದ್ದುದರಿಂದ ಅನೇಕರು ಅದನ್ನೇ ಆರಿಸಿಕೊಂಡರು, ಲೆಕ್ಕ ಒಡೆಯುವ ಅಭ್ಯಾಸ ಅಲ್ಲಿಂದಲೇ ಸವೆಯತೊಡಗಿತು. 2007ರ ಜೂನ್‌ನಿಂದ ಕೇಂದ್ರವು ಅದೇ ಗುತ್ತಿಗೆಯ ದುಡಿಮೆಯ ಪಾಲಿಗೆ ಸೇವಾ ತೆರಿಗೆ ಹಾಕಿತು. ಕಾರವಾರದ ಪೇಟೆಯ ಅಂಗಡಿಯೊಂದರ 10 ಲಕ್ಷ ರೂಪಾಯಿಯ ದುರಸ್ತಿಯನ್ನು ಲೆಕ್ಕಕ್ಕಾಗಿ ತೆಗೆದುಕೊಂಡರೆ, 2014ರ ಅಕ್ಟೋಬರಿನ ನಂತರ ಲೆಕ್ಕವಿಡದ ಗುತ್ತಿಗೆದಾರನಿಗೆ ರಾಜ್ಯವು ಶೇಕಡಾ 30 ಕಳೆದು 7 ಲಕ್ಷವನ್ನು ಸರಕೆಂದಿತು, ಕೇಂದ್ರವು ದುರಸ್ತಿ ಕೆಲಸದ ಶೇಕಡಾ 70, ಎಂದರೆ ಇನ್ನೊಂದು 7 ಲಕ್ಷವನ್ನು, ಸೇವೆಯೆಂದಿತು. ಹತ್ತು ಲಕ್ಷದ ಬಿಲ್ಲಿಗೆ ಹದಿನಾಲ್ಕು ಲಕ್ಷದ ಮೇಲೆ ತೆರಿಗೆ ಬೀಳುತ್ತಿತ್ತು. ನಿಜವಾದ ಲೆಕ್ಕವಿಟ್ಟವನಿಗೆ ಮಾತ್ರ ಇದರಿಂದ ರಕ್ಷಣೆಯಿತ್ತು.

2017ರ ಜುಲೈ 1ರಂದು ಬಂದ ಜಿಎಸ್‌ಟಿ, ಸ್ಥಿರಾಸ್ತಿಗೆ ಸಂಬಂಧಿಸಿದ ಕಾಮಗಾರಿ ಗುತ್ತಿಗೆಯನ್ನು ಇಡಿಯಾಗಿ ಸೇವೆ ಎಂದು ಕರೆಯಿತು. ಆದುದರಿಂದ ಮೇಲಿನ ದುರಸ್ತಿಯಲ್ಲಿ ಸಾಮಾನು 6 ಲಕ್ಷ, ಮಜೂರಿ 4 ಲಕ್ಷ ಎಂದು ಎಷ್ಟೇ ಸಾಲು ಬರೆದರೂ ನೋಂದಾಯಿತ ಗುತ್ತಿಗೆದಾರನು ಪೂರ್ತಿ 10 ಲಕ್ಷದ ಮೇಲೆ ಶೇಕಡಾ 18ರಂತೆ 1.8 ಲಕ್ಷ ಕೊಡಬೇಕು. ಮಜೂರಿಯನ್ನು ಬಿಟ್ಟು 1.08 ಲಕ್ಷ ಮಾತ್ರ ಕಟ್ಟಿದವನಿಗೆ 72,000 ರೂಪಾಯಿ ಬಾಕಿಯಾಗುತ್ತದೆ, ಅದರ ಮೇಲೆ ಬಡ್ಡಿಯೂ ಬೀಳುತ್ತದೆ. ಈ ತಪ್ಪು ಬಹುಮಟ್ಟಿಗೆ ಗ್ಯಾರೇಜಿನ ಬಿಲ್ಲನ್ನು ನೋಡಿ ಬಂದಿರುವಂತೆ ಕಾಣುತ್ತದೆ. ವಾಹನ ದುರಸ್ತಿಯಲ್ಲಿ ಬಿಡಿಭಾಗದ ಬೆಲೆಯನ್ನೂ ಮಜೂರಿಯನ್ನೂ ಬೇರೆಬೇರೆ ತೋರಿಸಿದರೆ ಒಂದೊಂದಕ್ಕೂ ಅದರದರ ದರ ಎಂದು 2018ರ ಜೂನಿನ ಸುತ್ತೋಲೆ ಹೇಳಿತು. ಆದರೆ ವಾಹನ ಚರಾಸ್ತಿ, ಗೋಡೆ ಸ್ಥಿರಾಸ್ತಿ.

ಮಜೂರಿಯನ್ನು ನಿಜವಾಗಿ ಬೇರ್ಪಡಿಸಬೇಕೆನ್ನುವವರು ಬಿಲ್ಲನ್ನಲ್ಲ, ಒಪ್ಪಂದವನ್ನೇ ಬೇರ್ಪಡಿಸಬೇಕು. ಕದ್ವಾಡದಲ್ಲಿ ಹೊಸ ಮನೆ ಕಟ್ಟಿಸುವವರು ಚಿರೆಕಲ್ಲು, ಸಿಮೆಂಟು, ಮರಳನ್ನು ತಾವೇ ತಮ್ಮ ಹೆಸರಿನಲ್ಲಿ ಕೊಂಡು, ಮೇಸ್ತ್ರಿಗೆ ದುಡಿಮೆಯ ಗುತ್ತಿಗೆಯನ್ನಷ್ಟೇ ಕೊಟ್ಟರೆ, ಅದು ವಸತಿ ಸಮುಚ್ಚಯಕ್ಕೆ ಸೇರದ ಒಂಟಿ ಮನೆಯ ಮೂಲ ಕಾಮಗಾರಿಯಾಗಿರುವುದರಿಂದ ಆ ಮಜೂರಿಗೆ ವಿನಾಯಿತಿಯಿದೆ. ಮೂಲ ಕಾಮಗಾರಿ ಎಂದರೆ ಹೊಸ ಕಟ್ಟಡ. ಹಾಳುಬಿದ್ದ ಅಥವಾ ಹಾನಿಗೊಂಡ ಕಟ್ಟಡವನ್ನು ಮತ್ತೆ ಬಳಕೆಗೆ ತರಲು ಬೇಕಾದ ಬದಲಾವಣೆಗಳೂ ಅದರಲ್ಲಿ ಸೇರುತ್ತವೆ. ಮಳೆಗಾಲಕ್ಕೆ ಮುಂಚೆ ಹಂಚು ತೆಗೆದು ರೀಪು ಬದಲಿಸುವ ವಾಡಿಕೆಯ ಕೆಲಸ ಇದರೊಳಗೆ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿಯ ದಂಡೆಯಲ್ಲಿ ನೆರೆಗೆ ಸಿಕ್ಕಿದಂಥ ಮನೆಗಳನ್ನು ವಾಸಕ್ಕೆ ಯೋಗ್ಯಗೊಳಿಸುವ ಕೆಲಸ ಬರಬಹುದು. ಈ ಭೇದವನ್ನು ಕಾಗದದಲ್ಲಿ ತೋರಿಸಬೇಕಾದರೆ ಹಾನಿಯ ದಾಖಲೆ ಬೇಕು, ಸಾಮಾನಿನ ಚೀಟಿಗಳು ಮನೆಯೊಡೆಯನ ಹೆಸರಿನಲ್ಲಿರಬೇಕು. ಅವು ಮೇಸ್ತ್ರಿಯ ಹೆಸರಿನಲ್ಲಿದ್ದರೆ ಗುತ್ತಿಗೆ ಕೇವಲ ಮಜೂರಿಯದೆಂಬ ವಾದ ನಿಲ್ಲುವುದು ಕಷ್ಟ.

ವಿಭಜನೆ ಇಂದಿಗೂ ತೆರಿಗೆಯನ್ನೇ ನಿರ್ಣಯಿಸುವ ಎಡೆಯೊಂದಿದೆ, ಬರೆಯುವವರ ಗಮನ ಅದರ ಕಡೆ ಹರಿದದ್ದು ಕಡಿಮೆ. ಪಂಚಾಯತಿಗೆ ಸಂವಿಧಾನ ವಹಿಸಿದ ಕೆಲಸವನ್ನು ಸ್ಥಳೀಯ ಸಂಸ್ಥೆಗೆ ಮಾಡಿಕೊಟ್ಟಾಗ, ಒಟ್ಟು ಮೌಲ್ಯದಲ್ಲಿ ಸರಕಿನ ಪಾಲು ಶೇಕಡಾ 25 ಮೀರದಿದ್ದರೆ ಇಡೀ ಬಿಲ್ಲಿಗೆ ವಿನಾಯಿತಿ ಎಂದು 2018ರ ಜನವರಿಯಲ್ಲಿ ಸೇರಿಸಲಾಯಿತು. ಗ್ರಾಮ ಪಂಚಾಯತಿಯ ಗಟಾರವೊಂದರ ಹೂಳೆತ್ತಿ ದುರಸ್ತಿ ಮಾಡುವ 4 ಲಕ್ಷದ ಗುತ್ತಿಗೆಯಲ್ಲಿ ಸಾಮಾನಿನ ಖರೀದಿ 90,000, ಮಜೂರಿ ಮತ್ತು ಇತರ ಖರ್ಚು 2,60,000, ಲಾಭ 50,000 ಎಂದಿಟ್ಟುಕೊಳ್ಳಬಹುದು. ಖರೀದಿ ಬೆಲೆಯನ್ನೇ ಹಿಡಿದರೆ ಸರಕಿನ ಪಾಲು ಶೇಕಡಾ 22.5, ತೆರಿಗೆಯಿಲ್ಲ. 1992ರ ತೀರ್ಪಿನಂತೆ ಲಾಭವನ್ನು ಹಂಚಿದರೆ ಸರಕಿನ ಭಾಗಕ್ಕೆ ಸುಮಾರು 12,857 ರೂಪಾಯಿ ಸೇರಿ, ಅದರ ಪಾಲು ಶೇಕಡಾ 25.7 ಆಗಿ, ಪೂರ್ತಿ 4 ಲಕ್ಷಕ್ಕೆ 72,000 ತೆರಿಗೆ ಬೀಳುತ್ತದೆ. ಅಂದಾಜಿನಲ್ಲಿ ಆ ತೆರಿಗೆ ಸೇರಿಲ್ಲದಿದ್ದರೆ ಗುತ್ತಿಗೆದಾರನ ಲಾಭವೆಲ್ಲ ಅಲ್ಲಿಗೇ ಹೋಗಿ, ಮೇಲೆ 22,000 ಕೈಯಿಂದ ಕೊಡಬೇಕಾಗುತ್ತದೆ.

ಎರಡು ಲೆಕ್ಕಗಳಲ್ಲಿ ಯಾವುದು ಸರಿಯೆಂದು ಅಧಿಸೂಚನೆ ಹೇಳಿಲ್ಲ. ಪೂರೈಸಿದ ಸರಕಿನ ಮೌಲ್ಯ ಎಂಬುದು ಅದರ ಮಾತಾಗಿರುವುದರಿಂದ, ಗುತ್ತಿಗೆದಾರನಿಗೆ ಇಲ್ಲಿ ನಷ್ಟವೇ ಆದರೂ, ಲಾಭವನ್ನು ಹಂಚುವ ಹಳೆಯ ವಿಧಾನವೇ ಹೆಚ್ಚು ನ್ಯಾಯಬದ್ಧವಾಗಿ ಕಾಣುತ್ತದೆ. ಅದಕ್ಕೆ ಬೇಕಾದ ಅಂಕಿಗಳನ್ನು ಹೊಸದಾಗಿ ಹುಡುಕಬೇಕಿಲ್ಲ, ಏಕೆಂದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಹಿಂದಿರುವ ದರ ವಿಶ್ಲೇಷಣೆಯಲ್ಲಿ ಸಾಮಾನು, ಮಜೂರಿ, ಯಂತ್ರ, ಗುತ್ತಿಗೆದಾರನ ಲಾಭ ಇವು ಬೇರೆಬೇರೆಯಾಗಿಯೇ ಇರುತ್ತವೆ. ಪಂಚಾಯತಿಯ ಎಂಜಿನಿಯರು ಟೆಂಡರಿಗೆ ಮೊದಲೇ ಅವುಗಳಿಂದ ಸರಕಿನ ಶೇಕಡಾವಾರನ್ನು ಲೆಕ್ಕಹಾಕಿ ಅಂದಾಜಿನ ಕೊನೆಯಲ್ಲಿ ಬರೆದರೆ, ತೆರಿಗೆಯನ್ನು ಸೇರಿಸಿ ದರ ಹಾಕಬೇಕೋ ಬಿಟ್ಟು ಹಾಕಬೇಕೋ ಎಂಬುದು ಗುತ್ತಿಗೆದಾರನಿಗೆ ಕೆಲಸ ಹಿಡಿಯುವ ಮುಂಚೆಯೇ ತಿಳಿಯುತ್ತದೆ.