ಪಟ್ಟಿಯಿಂದ ಹೊರಬರುವ ದಾರಿ

1978ರ ಮೇ 3ರಂದು ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಒಂದೇ ಸಲಕ್ಕೆ ಒಂದೇ ಪತ್ರ ಬಂತು. ಕಳಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್. ಕಂಪನಿಯ ಹೊಸ ಯಂತ್ರಗಳನ್ನು ಕ್ಯಾಲಿಫೋರ್ನಿಯಾದಲ್ಲಿ ತೋರಿಸಲಿದ್ದೇವೆ, ಬಂದು ನೋಡಿ ಎಂಬುದಷ್ಟೇ ಅದರ ಸಾರ. ವಿಳಾಸಗಳನ್ನು ಜಾಲದ ಅಚ್ಚಾದ ಡೈರೆಕ್ಟರಿಯಿಂದ ಆರಿಸಿ ಟೈಪ್ ಮಾಡಿಸಲಾಗಿತ್ತು. ಅಷ್ಟು ವಿಳಾಸಗಳಿಗೆ ಅಂದಿನ ಮೇಲ್ ಪ್ರೋಗ್ರಾಮಿನಲ್ಲಿ ಜಾಗ ಸಾಲದೆ, ಮಿಕ್ಕವು ಪತ್ರದ ಒಡಲೊಳಕ್ಕೇ ತುಳುಕಿದವು. ಓದುವವರಿಗೆ ವಿಷಯಕ್ಕಿಂತ ಮೊದಲು ಕಂಡದ್ದು ಹೆಸರುಗಳ ಸಾಲು. ದೂರುಗಳು ಬಂದವು, ಜಾಲದ ಆಡಳಿತ ಗದರಿಸಿತು.

ಇಂದಿನ ಪ್ರಚಾರದ ಮೇಲ್‌ಗಳ ಮೂಲಪುರುಷ ಎಂದು ಈ ಪತ್ರವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದರಿಂದ 'ಹೊರಬರುವ' ಪ್ರಶ್ನೆ ಏಳಲೇ ಇಲ್ಲ, ಏಕೆಂದರೆ ಮತ್ತೆ ಮತ್ತೆ ಕಳಿಸುವ ಪಟ್ಟಿ ಅಲ್ಲಿರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದು ಜನ ತಾವಾಗಿಯೇ ಇಷ್ಟಪಟ್ಟು ಸೇರಿದ ಚರ್ಚಾ ಪಟ್ಟಿಗಳಲ್ಲಿ. ಅಲ್ಲಿ ಹೆಸರು ಸೇರಿಸುವುದು, ತೆಗೆಯುವುದು ಒಬ್ಬ ಮನುಷ್ಯನ ಕೆಲಸ. ಪಟ್ಟಿಯ ಹೆಸರಿನ ಮುಂದೆ `-request` ಎಂದು ಹಚ್ಚಿದ ವಿಳಾಸಕ್ಕೆ ಬರೆದರೆ ಆತ ಬಿಡುವಾದಾಗ ಹೆಸರು ಹೊಡೆದುಹಾಕುತ್ತಿದ್ದ. 1986ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಎರಿಕ್ ತೋಮಾ ಬರೆದ ಲಿಸ್ಟ್‌ಸರ್ವ್ ಎಂಬ ಪ್ರೋಗ್ರಾಂ ಈ ಗುಮಾಸ್ತಿಕೆಯನ್ನು ಯಂತ್ರಕ್ಕೆ ವಹಿಸಿತು. `SIGNOFF` ಎಂದು ಬರೆದು ಪಟ್ಟಿಯ ಹೆಸರು ಸೇರಿಸಿ ಕಳಿಸಿದರೆ ಸಾಕು, ಹೆಸರು ಹೋಯಿತು. ತೊಡಕೆಂದರೆ ಆ ಆಜ್ಞೆಗೆ ಒಂದು ವಿಳಾಸ, ಸದಸ್ಯರ ಮಾತುಕತೆಗೆ ಇನ್ನೊಂದು. ಜನ ಅದಲುಬದಲು ಮಾಡಿಕೊಂಡು, 'ನನ್ನನ್ನು ತೆಗೆಯಿರಿ' ಎಂಬ ಮನವಿಯನ್ನು ಸಾವಿರಾರು ಸದಸ್ಯರ ಮನೆಗೇ ಮುಟ್ಟಿಸುತ್ತಿದ್ದರು.

ಈ ಗೊಂದಲಕ್ಕೆ ಬಂದ ಉತ್ತರವೇ ಇಂದಿಗೂ ನಮ್ಮ ಇನ್‌ಬಾಕ್ಸಿನ ಕೆಳಗೆ ಕೆಲಸ ಮಾಡುತ್ತಿರುವ ವ್ಯವಸ್ಥೆ. 1998ರ ಜುಲೈಯಲ್ಲಿ ಹೊರಬಂದ ಆರ್‌ಎಫ್‌ಸಿ 2369 ಎಂಬ ಮಾನಕ ಹೇಳಿದ್ದು ಸರಳ: ಪಟ್ಟಿಯಿಂದ ಹೊರಹೋಗುವ ದಾರಿಯನ್ನು ಪತ್ರದ ಒಡಲಲ್ಲಿ ಬರೆದು ಓದುಗನನ್ನು ಹುಡುಕಿಸಬೇಡಿ, ಕಣ್ಣಿಗೆ ಕಾಣದ ತಲೆಸಾಲುಗಳಲ್ಲಿ, ಲಕೋಟೆಯ ಮೇಲೆ ಬರೆದಂತೆ ಬರೆದಿಡಿ, ಮೇಲ್ ಪ್ರೋಗ್ರಾಂ ಅದನ್ನು ಓದಿಕೊಂಡು ಒಂದು ಗುಂಡಿಯಾಗಿ ತೋರಿಸಲಿ. ಆ ತಲೆಸಾಲಿನ ಹೆಸರು `List-Unsubscribe`. ಆಲೋಚನೆ ಒಳ್ಳೆಯದಿತ್ತು. ಆದರೆ ಮೇಲ್ ಕಂಪನಿಗಳು ಅದನ್ನು ಗುಂಡಿಯಾಗಿಸಲು ಹತ್ತು ವರ್ಷಕ್ಕೂ ಮಿಕ್ಕು ಹಿಡಿಯಿತು. ಕಳಿಸುವವನಿಗಂತೂ ಅವಸರವೇ ಇರಲಿಲ್ಲ.

ಅಷ್ಟರಲ್ಲಿ ಕಾನೂನು ಬಂತು. ಯುರೋಪು 2002ರ ನಿರ್ದೇಶನದಲ್ಲಿ 'ಮೊದಲು ಒಪ್ಪಿಗೆ, ಆಮೇಲೆ ಪ್ರಚಾರ' ಎಂದಿತು. ಅಮೆರಿಕ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆಯಲ್ಲಿ ತಿರುವುಮುರುವು ದಾರಿ ಹಿಡಿಯಿತು: ಕೇಳದೆ ಕಳಿಸಬಹುದು, ಆದರೆ ಬೇಡವೆಂದವನನ್ನು 10 ಕೆಲಸದ ದಿನಗಳೊಳಗೆ ಬಿಡಬೇಕು. ಪ್ರಚಾರದ ಮೇಲ್‌ನ ತಳದಲ್ಲಿ ಬೂದುಬಣ್ಣದ ಸಣ್ಣ ಅಕ್ಷರದಲ್ಲಿ ಕೂತಿರುವ ಅನ್‌ಸಬ್‌ಸ್ಕ್ರೈಬ್ ಎಂಬ ಪದ ಎಲ್ಲೆಡೆ ಹರಡಿದ್ದಕ್ಕೆ ಈ ಎರಡನೆಯ ಕಾಯಿದೆ ದೊಡ್ಡ ಕಾರಣ. ದಾರಿ ಇರಬೇಕೆಂದು ಕಾನೂನು ಹೇಳಿತು. ಅಕ್ಷರ ಎಷ್ಟು ಸಣ್ಣದೆಂದು ಕಳಿಸುವವರೇ ಲೆಕ್ಕ ಹಾಕಿಕೊಂಡರು. ಭಾರತದಲ್ಲಿ 2007ರಿಂದ ಕರೆಗಳಿಗೂ ಎಸ್‌ಎಂಎಸ್‌ಗೂ ಡಿಎನ್‌ಡಿ ನೋಂದಣಿ ಬಂತು. ಇಮೇಲ್‌ಗೆಂದೇ ಅಂಥದ್ದು ಬರಲಿಲ್ಲ. ಹಾಗಾಗಿ ಮುಂಬೈ, ಹೈದರಾಬಾದಿನ ಇನ್‌ಬಾಕ್ಸಿಗೂ ಸಿಕ್ಕ ರಕ್ಷಣೆ ಬಹುಪಾಲು ಹೊರಗಿನ ನಿಯಮಗಳ ನೆರಳಿನದು.

ಅಳಿಸುವ ಕತೆ ಇದಕ್ಕೆ ಪಕ್ಕದಲ್ಲೇ, ಆದರೆ ಎದುರು ದಿಕ್ಕಿನಲ್ಲಿ ನಡೆಯಿತು. 2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗದ ಜಿಮೇಲ್ ಪ್ರಕಟಿಸಿದಾಗ, ದಿನವನ್ನು ನೋಡಿ ಹಲವರು ಏಪ್ರಿಲ್ ಫೂಲ್ ತಮಾಷೆ ಎಂದುಕೊಂಡರು. ಆಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಅಳಿಸದಿದ್ದರೆ ಮೇಲ್ ಪೆಟ್ಟಿಗೆ ತುಂಬಿ ಹೊಸ ಪತ್ರ ವಾಪಸಾಗುತ್ತಿತ್ತು. ಇನ್ನು ಅಳಿಸುವುದೇ ಬೇಡ, ಎತ್ತಿಟ್ಟು ಬೇಕಾದಾಗ ಹುಡುಕಿಕೊಳ್ಳಿ ಎಂಬುದು ಜಿಮೇಲ್‌ನ ಪಾಠ. ಒಂದು ಪೀಳಿಗೆಯ ಬಳಕೆದಾರರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಕೊನೆಗೆ 15 ಜಿಬಿ ಆದ ಆ ಜಾಗವನ್ನು ಮೇಲ್, ಡ್ರೈವ್, ಫೋಟೋ ಮೂರೂ ಹಂಚಿಕೊಂಡವು; 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಲೆಕ್ಕಕ್ಕೆ ಬಂದವು. ಎಷ್ಟೋ ಜನ ಹದಿನೈದು ವರ್ಷದ ಸೀರೆ ಸೇಲ್‌ಗಳನ್ನೂ ವಿಮಾನ ಟಿಕೆಟ್ ರಿಯಾಯಿತಿಗಳನ್ನೂ ಮೊದಲ ಸಲ ತಿರುಗಿ ನೋಡಿದ್ದು ಆಗಲೇ.

ಆದರೆ ಆ ರಾಶಿ ಕಂಡಷ್ಟು ಭಾರವಿಲ್ಲ. ಪ್ರಚಾರದ ಮೇಲ್‌ನಲ್ಲಿ ಕಾಣುವ ಚಿತ್ರಗಳು ಸಾಮಾನ್ಯವಾಗಿ ಅದರೊಳಗಿರುವುದಿಲ್ಲ. ತೆರೆದಾಗ ಕಳಿಸಿದವರ ಕಂಪ್ಯೂಟರಿನಿಂದ ಬರುತ್ತವೆ. ಮೇಲ್‌ನ ಬರಹ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಮಧ್ಯದಲ್ಲೇ ಕತ್ತರಿಸಿ ತೋರಿಸುವುದರಿಂದ, ಜಾಣ ಕಳುಹುಗರು ಅದರೊಳಗೇ ಇರುತ್ತಾರೆ. ಪುಣೆಯ ಒಂದು ಮನೆಯ ಖಾತೆಯಲ್ಲಿ ಇಂಥ 12,000 ಮೇಲ್‌ಗಳಿವೆ, ತಲಾ 75 ಕೆಬಿ ಎಂದು ಊಹಿಸಿಕೊಂಡರೆ ಒಟ್ಟು 900 ಎಂಬಿ. 15 ಜಿಬಿಯಲ್ಲಿ ಅದು ಸುಮಾರು ಹದಿನೇಳನೆಯ ಒಂದು ಪಾಲಷ್ಟೇ. ಜಾಗ ತಿಂದವರು ಬೇರೆ ಎಲ್ಲೋ ಇರುತ್ತಾರೆ. `larger:10M` ಎಂದು ಹುಡುಕಿದರೆ ಮದುವೆ ಫೋಟೋ, ಸ್ಕ್ಯಾನ್ ಮಾಡಿದ ಮನೆ ಪತ್ರ ಹೊರಬರುತ್ತವೆ. ಪ್ರಚಾರದ ರಾಶಿ ತೆಗೆಯುವುದರ ಲಾಭ, ಬೇಕಾದ್ದು ಹುಡುಕಿದಾಗ ಬೇಡದ್ದು ಅಡ್ಡ ಬಾರದಿರುವುದು.

ಅದೇ ಖಾತೆಯಲ್ಲಿ ಕೆಲಸ ನಡೆಯುವ ಕ್ರಮ ಹೀಗೆ. ಇದಕ್ಕೆ ಕಂಪ್ಯೂಟರಿನ ಬ್ರೌಸರ್ ಬೇಕು. ಮುಂದೆ ಹೇಳುವ ಸಾಲು ಫೋನಿನ ಆ್ಯಪ್‌ನಲ್ಲಿ ಸಿಗುವುದಿಲ್ಲ. ಹುಡುಕುವ ಜಾಗದಲ್ಲಿ ಹೀಗೆ ಬರೆಯುವುದು:

```
category:promotions older_than:1y -is:starred -has:attachment
```

ಅಂದರೆ ವರ್ಷಕ್ಕಿಂತ ಹಳೆಯ, ನಕ್ಷತ್ರ ಹಾಕದ, ಲಗತ್ತು ಇಲ್ಲದ ಪ್ರಚಾರದ ಮೇಲ್‌ಗಳು. ಮೇಲಿನ ಚೌಕಕ್ಕೆ ಗುರುತು ಹಾಕಿದರೆ ಆ ಪುಟದವಷ್ಟೇ, ಸಾಮಾನ್ಯವಾಗಿ 50, ಆಯ್ಕೆಯಾಗುತ್ತವೆ. ಆಗ ಪಟ್ಟಿಯ ಮೇಲೆ `Select all conversations that match this search` ಎಂಬ ಸಾಲು ಮೂಡುತ್ತದೆ. ಅದನ್ನು ಒತ್ತಿದರೆ ಮಾತ್ರ ಉಳಿದವೂ ಸೇರುತ್ತವೆ. ಅದನ್ನು ಗಮನಿಸದೆ ಐವತ್ತೈವತ್ತಾಗಿ ಅಳಿಸುತ್ತಾ ಭಾನುವಾರ ಕಳೆದವರಿದ್ದಾರೆ. ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಬುಟ್ಟಿ ಖಾಲಿಯಾಗುವವರೆಗೆ ಜಾಗವೂ ಮರಳುವುದಿಲ್ಲ. ಆ 30 ದಿನವನ್ನು ಕಳೆದುಕೊಳ್ಳದಿರುವುದು ಜಾಣತನ, ಏಕೆಂದರೆ ತಪ್ಪು ಆಗುವುದು ಇಲ್ಲೇ. ಜಿಮೇಲ್ ಒಂದೇ ವಿಷಯದ ಪತ್ರಗಳನ್ನು ಸರವಾಗಿ ಪೋಣಿಸುತ್ತದೆ. ಸರದ ಒಂದು ಪತ್ರ ಹುಡುಕಾಟಕ್ಕೆ ಸಿಕ್ಕರೂ ಅಳಿಸುವಾಗ ಇಡೀ ಸರ ಹೋಗುತ್ತದೆ, ಅದರಲ್ಲಿ ನಕ್ಷತ್ರ ಹಾಕಿದ್ದೂ ಇರಬಹುದು.

ಕಳಿಸಿದವರ ಹೆಸರಿನಿಂದ ಅಳಿಸುವಾಗ ಇನ್ನೊಂದು ಎಚ್ಚರ. `from:example.com` ಎಂದು ಅಂಗಡಿಯ ಡೊಮೇನ್ ಮಾತ್ರ ಕೊಟ್ಟರೆ ಪ್ರಚಾರದ ಜೊತೆಗೆ ಆ ಅಂಗಡಿಯ ಬಿಲ್ಲೂ ವಾರಂಟಿ ಪತ್ರವೂ ಬಲೆಗೆ ಬೀಳುತ್ತವೆ. `from:offers@example.com` ಎಂದು ಪೂರ್ತಿ ವಿಳಾಸ ಕೊಟ್ಟರೆ ಬಿಲ್ಲು ಬೇರೆ ವಿಳಾಸದಿಂದ ಬಂದಿದ್ದರೆ ಉಳಿಯುತ್ತದೆ. ಲೇಬಲ್ ವಿಷಯದಲ್ಲಿ ತಪ್ಪು ಎದುರು ದಿಕ್ಕಿನದು. ಎಡಗಡೆಯ ಪಟ್ಟಿಯಲ್ಲಿ ಲೇಬಲ್ಲನ್ನೇ ಅಳಿಸಿದರೆ ಚೀಟಿ ಕಿತ್ತಂತಾಯಿತೇ ಹೊರತು ಡಬ್ಬಿ ಖಾಲಿಯಾಗಲಿಲ್ಲ. ಮೇಲ್‌ಗಳು ಅಲ್ಲೇ ಇರುತ್ತವೆ, ಹುಡುಕುವ ಹಿಡಿ ಮಾತ್ರ ಕೈತಪ್ಪುತ್ತದೆ. ಮೊದಲು `label:` ಹಾಕಿ ಹುಡುಕಿ ಮೇಲ್‌ಗಳನ್ನು ಅಳಿಸಿ, ಲೇಬಲ್ ಆಮೇಲೆ.

ಇಷ್ಟಾದರೂ ನಲ್ಲಿ ನಿಲ್ಲಿಸದೆ ನೀರು ಬಳಿದಂತೆ. ಹಾಗಾಗಿ ಅಳಿಸುವ ಮೊದಲೇ ಪಟ್ಟಿಯಿಂದ ಹೊರಬರಬೇಕು, ಬಾಗಿಲು ಆ ಪತ್ರದಲ್ಲೇ ಇರುವುದರಿಂದ. ಈ ಬಾಗಿಲಿಗೆ 2017ರಲ್ಲಿ ಒಂದು ವಿಚಿತ್ರ ರಿಪೇರಿ ಆಯಿತು. ಆ ಹೊತ್ತಿಗೆ ಕಂಪನಿಗಳ ಭದ್ರತಾ ಸಾಫ್ಟ್‌ವೇರ್‌ಗಳು ಮೇಲ್‌ನಲ್ಲಿದ್ದ ಪ್ರತಿ ಕೊಂಡಿಯನ್ನೂ ಓದುಗನಿಗಿಂತ ಮೊದಲೇ ತೆರೆದು ಪರೀಕ್ಷಿಸುತ್ತಿದ್ದವು. ತೆರೆದರೆ ಸಾಕು ಹೆಸರು ತೆಗೆಯುವ ಕೊಂಡಿಯಿದ್ದರೆ ಓದುಗ ಬೆರಳೆತ್ತುವ ಮೊದಲೇ ಪಟ್ಟಿಯಿಂದ ಹೊರಗೆ! ಅದಕ್ಕಂಜಿ ಕಳಿಸುವವರು 'ನಿಜವಾಗಿಯೂ ಹೋಗುತ್ತೀರಾ' ಎಂಬ ಪುಟವನ್ನು ನಡುವೆ ನಿಲ್ಲಿಸಿದರು. ಆ ಪುಟ ಬೆಳೆದು ಕಾರಣ ಕೇಳುವ, ಲಾಗಿನ್ ಬೇಡುವ ಜಗಲಿಯಾಯಿತು. ಆ ವರ್ಷದ ಜನವರಿಯ ಆರ್‌ಎಫ್‌ಸಿ 8058 ಎರಡು ಸಾಲಿನಲ್ಲಿ ಇದನ್ನು ಬಗೆಹರಿಸಿತು:

```
List-Unsubscribe: <https://example.com/u/abc123>
List-Unsubscribe-Post: List-Unsubscribe=One-Click
```

ಕೊಂಡಿಯನ್ನು ಬರಿದೇ ತೆರೆದರೆ ಏನೂ ಆಗದು. ಎರಡನೆಯ ಸಾಲಿನ ಮಾತನ್ನು ಮೇಲ್ ಸೇವೆ ತಾನೇ ಅಲ್ಲಿಗೆ ಕಳಿಸಿದರೆ ಮಾತ್ರ ಹೆಸರು ಹೋಗುತ್ತದೆ. ಇಷ್ಟಾದರೂ ಯಾರಿಗೂ ಇದು ಕಡ್ಡಾಯವಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಗೂಗಲ್ ಮತ್ತು ಯಾಹೂ ಒಟ್ಟಿಗೆ ಮಾತಾಡಿದ ಮೇಲೆ ಲೆಕ್ಕ ಬದಲಾಯಿತು: ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಮಿಕ್ಕು ಕಳಿಸುವವರು ತಮ್ಮ ಪ್ರಚಾರದ ಮೇಲ್‌ಗಳಲ್ಲಿ ಈ ಒಂದೇ ಒತ್ತಿನ ದಾರಿ ಇಡಬೇಕು, ಎರಡು ದಿನದೊಳಗೆ ಬಿಡಬೇಕು, ಸ್ಪ್ಯಾಮ್ ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದು. ಕಾನೂನು 10 ದಿನ ಎಂದದ್ದನ್ನು ಇಬ್ಬರು ಅಂಚೆಯವರು ಎರಡಕ್ಕಿಳಿಸಿದರು. ಇಷ್ಟು ಅಧಿಕಾರ ಖಾಸಗಿ ಕೈಯಲ್ಲಿರುವುದು ನೆಮ್ಮದಿಯ ಸಂಗತಿಯಲ್ಲ, ಆದರೆ ಕೆಲಸವಾದದ್ದು ಅದರಿಂದಲೇ.

ಹಾಗಾಗಿ ಪರಿಚಿತ ಅಂಗಡಿಯ ಮೇಲ್ ಆದರೆ, ತಳದ ಸಣ್ಣ ಅಕ್ಷರಕ್ಕಿಂತ ಕಳಿಸಿದವರ ಹೆಸರಿನ ಪಕ್ಕದಲ್ಲಿ ಜಿಮೇಲ್ ತೋರಿಸುವ `Unsubscribe` ಮೇಲು. ತಳದ್ದು ಅಂಗಡಿಯ ಪುಟಕ್ಕೆ ಒಯ್ಯುತ್ತದೆ, ಮೇಲಿನದು ತಲೆಸಾಲಿನ ದಾರಿ ಹಿಡಿಯುತ್ತದೆ. ಅನುಮಾನವಿದ್ದರೆ ಮೂರು ಚುಕ್ಕಿಯ ಮೆನುವಿನಲ್ಲಿ `Show original` ತೆರೆದು ಆ ಎರಡು ಸಾಲು ಇವೆಯೇ ನೋಡಬಹುದು. ಕೇಳದೆ ಬಂದ, ಗುರುತೇ ಇಲ್ಲದ ಮೇಲ್‌ಗೆ ಈ ಯಾವುದೂ ಬೇಡ, ಸ್ಪ್ಯಾಮ್ ಎಂದು ದೂರಿ ಬಿಡುವುದೇ ಸರಿ. ಎಲ್ಲವನ್ನೂ ನಾವೇ ಶುಚಿಮಾಡಿಕೊಡುತ್ತೇವೆ ಎಂದು ಇನ್‌ಬಾಕ್ಸಿನ ಕೀಲಿ ಕೇಳುವ ಉಚಿತ ಸೇವೆಗಳಿಗಂತೂ ಒಂದು ಇತಿಹಾಸವೇ ಇದೆ: ಅನ್‌ರೋಲ್.ಮಿ ಜನರ ಮೇಲ್‌ನ ರಸೀದಿಗಳನ್ನು ಹೆಸರು ತೆಗೆದು ಮಾರುತ್ತಿದ್ದುದು 2017ರಲ್ಲಿ ಬೆಳಕಿಗೆ ಬಂತು, 2019ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ ಅದು ರಾಜಿಗೆ ಬರಬೇಕಾಯಿತು.

ಹೊರಬಂದ ಮೇಲೂ ಹೆಸರು ಅಳಿಯುವುದಿಲ್ಲ. ಮತ್ತೆ ಕಳಿಸದಿರಬೇಕಾದರೆ ಕಂಪನಿ ಆ ವಿಳಾಸವನ್ನು 'ಕಳಿಸಬಾರದವರ' ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಲೇಬೇಕು. ಒಂದೇ ಅಂಗಡಿಗೆ ಹಲವು ಪಟ್ಟಿಗಳಿರುವುದೂ ಉಂಟು, 'ಆಫರ್'ನಿಂದ ಹೊರಬಂದವರಿಗೆ 'ನಿಮಗಾಗಿ ಆಯ್ದದ್ದು' ಎಂಬುದು ಬರುತ್ತಲೇ ಇರುತ್ತದೆ. 2025ರ ಜುಲೈಯಿಂದ ಜಿಮೇಲ್‌ನಲ್ಲಿರುವ `Manage subscriptions` ಪುಟ ಕಳಿಸುವವರನ್ನೆಲ್ಲ ಒಂದೆಡೆ, ಹೆಚ್ಚು ಕಳಿಸುವವರನ್ನು ಮೊದಲಿಟ್ಟು ತೋರಿಸುತ್ತದೆ. ಅಲ್ಲಿಂದ ಹೊರಬಂದರೂ ಹಳೆಯ ರಾಶಿ ಹಾಗೇ ಇರುತ್ತದೆ, ಅದನ್ನು ಬೇರೆಯಾಗಿಯೇ ಅಳಿಸಬೇಕು. ಎರಡು ವಾರ ಬಿಟ್ಟು `from:offers@example.com newer_than:7d` ಎಂದು ಹುಡುಕಿದರೆ ಯಾರು ಮಾತು ಉಳಿಸಿಕೊಂಡರು ಎಂದು ತಿಳಿಯುತ್ತದೆ. ಉಳಿಸಿಕೊಳ್ಳದವರಿಗೆ ಅದೇ ವಿಳಾಸದ ಮೇಲೆ ಒಂದು ಫಿಲ್ಟರ್ ಹಾಕಿ `Delete it` ಆರಿಸಿದರೆ, ಅವರು ಕಳಿಸುತ್ತಲೇ ಇದ್ದರೂ ಮೇಲ್ ಬಂದ ಕೂಡಲೇ ಕಸದ ಬುಟ್ಟಿಗೆ ಬೀಳುತ್ತದೆ.