ಬ್ಲಾಕ್, ಸ್ಪ್ಯಾಮ್, 1909: ಒಂದು ಸಂದೇಶದ ಮೂರು ದಾರಿಗಳು

ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಬ್ಬರ ಫೋನಿಗೆ ‘ಖಾನಾಪುರ ರಸ್ತೆಯಲ್ಲಿ ಎನ್.ಎ. ಪ್ಲಾಟು, ಸುಲಭ ಕಂತು’ ಎಂಬ ಎಸ್ಸೆಮ್ಮೆಸ್ ಬಂತೆನ್ನೋಣ. ಕಳಿಸಿದ್ದು ಹತ್ತು ಅಂಕಿಯ ಸಾಮಾನ್ಯ ನಂಬರು. ಅವರು ಅದನ್ನು ಬ್ಲಾಕ್ ಮಾಡುತ್ತಾರೆ.

ಆಗ ನಡೆಯುವುದು ಇಷ್ಟೇ: ಅವರ ಫೋನಿನ ಪಟ್ಟಿಗೆ ಆ ನಂಬರು ಸೇರುತ್ತದೆ. ಅಲ್ಲಿಂದ ಬರುವ ಕರೆ ರಿಂಗಣಿಸುವುದಿಲ್ಲ, ಸಂದೇಶ ಕಣ್ಣಿಗೆ ಬೀಳದ ಕಡತಕ್ಕೆ ಹೋಗುತ್ತದೆ. ಕಳಿಸಿದವನಿಗೆ ಇದರ ಸುಳಿವು ಸಿಗುವುದಿಲ್ಲ, ಪಕ್ಕದ ಮನೆಯವರಿಗೂ ಅವನ ಸಂದೇಶ ಹೋಗುತ್ತಲೇ ಇರುತ್ತದೆ. ಫೋನು ಗುರುತಿಸುವುದು ನಂಬರನ್ನೇ ಹೊರತು ವ್ಯಕ್ತಿಯನ್ನಲ್ಲ. ಆತ ಸಿಮ್ ಬದಲಿಸಿದರೆ ಬ್ಲಾಕ್ ಅಲ್ಲಿಗೆ ನಿರರ್ಥಕ.

ಸ್ಪ್ಯಾಮ್ ಎಂದು ಗುರುತು ಮಾಡಿದಾಗ ಮಾಹಿತಿ ಫೋನಿನಿಂದ ಹೊರಗೆ ಹೋಗುತ್ತದೆ. ಗೂಗಲ್ ಮೆಸೇಜಸ್‌ನಲ್ಲಿ ಬ್ಲಾಕ್ ಮಾಡುವಾಗ ‘ಸ್ಪ್ಯಾಮ್ ವರದಿ ಮಾಡಿ’ ಎಂಬ ಆಯ್ಕೆಯೂ ಕಾಣುತ್ತದೆ. ಅದನ್ನು ಆರಿಸಿದರೆ ಆ ನಂಬರೂ ಸಂದೇಶವೂ ಗೂಗಲ್‌ಗೆ ತಲುಪುತ್ತವೆ, ಇತರರ ಫೋನುಗಳಲ್ಲಿ ಇಂಥವನ್ನು ಸೋಸಲು ನೆರವಾಗುತ್ತವೆ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದರೆ ಆ ವ್ಯಕ್ತಿ ಕಳಿಸಿದ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಬರೀ ಬ್ಲಾಕ್‌ಗೆ ಆ ಸಂದೇಶಗಳು ಹೋಗುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸ್ಪ್ಯಾಮ್ ಗುಂಡಿ ಒತ್ತಿದರೆ ಸರ್ಕಾರಕ್ಕೆ ದೂರು ಕೊಟ್ಟಂತೆ ಎಂದು ಹಲವರು ಭಾವಿಸುತ್ತಾರೆ. ಅದು ಆ್ಯಪ್ ಕಂಪನಿಗೆ ಹೋಗುವ ವರದಿ ಮಾತ್ರ. ಟ್ರಾಯ್ ನಿಯಮದಡಿ ಎಣಿಕೆಯಾಗುವ ದೂರನ್ನು ಸಂದೇಶದ ಪಠ್ಯ, ಕಳಿಸಿದ ನಂಬರು, ಬಂದ ದಿನಾಂಕ ಇವುಗಳೊಂದಿಗೆ 1909ಕ್ಕೆ ಕಳಿಸಬೇಕು. ಆದ್ದರಿಂದ ಸಂದೇಶವನ್ನು ಅಳಿಸುವ ಮೊದಲೇ ದೂರು ಕೊಡುವುದು ಲೇಸು.

2025ರ ಫೆಬ್ರವರಿಯ ತಿದ್ದುಪಡಿ ಈ ಎಣಿಕೆಯನ್ನೇ ಬದಲಿಸಿತು. ದೂರು ಕೊಡಲು ಇದ್ದ ಮೂರು ದಿನಗಳ ಗಡುವು ಏಳಕ್ಕೆ ಏರಿತು. ಮೊದಲು ಏಳು ದಿನಗಳಲ್ಲಿ ಹತ್ತು ದೂರು ಬಂದರೆ ಕ್ರಮವಿತ್ತು. ಈಗ ಹತ್ತು ದಿನಗಳಲ್ಲಿ ಐದು ಸಾಕು. ಮೊದಲ ತಪ್ಪಿಗೆ ಕಳಿಸಿದವನ ಹೊರಹೋಗುವ ಸೇವೆ 15 ದಿನ ಸ್ಥಗಿತಗೊಳ್ಳುತ್ತದೆ, ಮರುಕಳಿಸಿದರೆ ಎಲ್ಲ ಸಂಪರ್ಕಗಳೂ ಒಂದು ವರ್ಷ ಕಡಿತವಾಗುತ್ತವೆ. ಪ್ಲಾಟಿನ ಸಂದೇಶ ಬಂದ ನೂರು ಮಂದಿ ಬರೀ ಬ್ಲಾಕ್ ಮಾಡಿದರೆ ಈ ಲೆಕ್ಕಕ್ಕೆ ಸೇರುವುದು ಸೊನ್ನೆ. ಅವರಲ್ಲಿ ಐವರು 1909ಕ್ಕೆ ಬರೆದರೆ ಕ್ರಮ ಶುರುವಾಗುತ್ತದೆ.

ವಂಚನೆಯ ಕರೆಗಳ ದಾರಿ ಬೇರೆ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ, ದೂರಸಂಪರ್ಕ ಇಲಾಖೆಯವರೆಂದು ಹೇಳಿಕೊಂಡ ಖದೀಮರಿಗೆ 50 ಲಕ್ಷ ರೂಪಾಯಿಗೂ ಹೆಚ್ಚು ಹಣ ತೆತ್ತು, ಕೊನೆಗೆ ಪ್ರಾಣವನ್ನೇ ಕಳೆದುಕೊಂಡರು. ಇಂಥ ಕರೆಗೆ ಪ್ಲಾಟಿನ ಜಾಹೀರಾತಿನ ನಿಯಮ ಸಾಲದು. ಹಣ ಹೋಗುವ ಮುನ್ನ ಅನುಮಾನ ಬಂದರೆ ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ವರದಿ ಮಾಡಬೇಕು; ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಆ ಮೊತ್ತ ಮತ್ತೊಂದು ಖಾತೆಗೆ ಜಾರುವ ಮೊದಲು ಬ್ಯಾಂಕು ಅದನ್ನು ತಡೆಹಿಡಿಯಲು ಅವಕಾಶ ಸಿಗುವುದು ಈ ಕರೆಯಿಂದ.